ಉತ್ತರ ಬಂತು ಖರೇ, ಯಾವ ಪ್ರಶ್ನೆಕ್ಕ ಬಂತು?

ಹೋದ ವರ್ಷ ಜೂನ್ ಮೂರನೇ ವಾರದಾಗ ಸಿಂದಗಿಯೊಳಗ ನಮ್ಮ ತಂಗಿ ಗಂಡ ಎದಿಗೆ ತ್ರಾಸಾಗಿ ತೀರಿಕೊಂಡ್ರು. ದಿನಾ ಕಾರ್ಯ ಮುಗಿದ ಮ್ಯಾಲ ಹಳೇ ಪಾಸ್‌ಬುಕ್ ತಗದು ನೋಡಿದ್ವಿ. ವರ್ಷಕ್ಕೊಮ್ಮೆ 436 ರೂಪಾಯಿ ಒಂದು, 20 ರೂಪಾಯಿ ಒಂದು ಕಟ್ ಆಗಿದ್ದು ಕಾಣಿಸ್ತು. 436 ಅಂದ್ರ ಜೀವನ ಜ್ಯೋತಿ ವಿಮೆ, ಯಾವ ಕಾರಣಕ್ಕ ತೀರಿಕೊಂಡ್ರೂ 2 ಲಕ್ಷ. 20 ರೂಪಾಯಿದು ಸುರಕ್ಷಾ ವಿಮೆ, ಅದು ಅಪಘಾತಕ್ಕಷ್ಟ.

ಖಾತೆ ಗಂಡ ಹೆಂಡ್ತಿ ಇಬ್ಬರ ಹೆಸರಿನ್ಯಾಗಿತ್ತು. ಅವರು ಮೊದಲ ಇಂಡಿಯೊಳಗ ಕೆಲಸ ಮಾಡ್ತಿದ್ರಲ್ಲ, ಅಲ್ಲಿ ಶಾಖೆದಾಗ ತಗದಿದ್ದು. ಮುದ್ದೇಬಿಹಾಳದಿಂದ ನಾನು, ಸಿಂದಗಿಯಿಂದ ತಂಗಿ ಫೋನಿನ್ಯಾಗ ಹೇಳಿಕೋತ ಹೋದ್ವಿ, ನನ್ನ ಮಗ ಬರಕೋತ ಹೋದ. ತಂಗಿ ಮೇಲ್‌ನಿಂದ ಬ್ಯಾಂಕಿಗೆ ಹೋತು. ಎಂಟು ದಿನಕ್ಕ ಉತ್ತರ ಬಂತು. ಉದ್ದ ಇತ್ತು, ಸಮಾಧಾನದ ಮಾತು ಇತ್ತು, ಯೋಜನೆ ನಿಯಮ ಎಲ್ಲಾ ಇತ್ತು. ಮಗ ಓದಿ, "ಎಲ್ಲಾ ಹೇಳ್ಯಾರವ್ವ, ಇನ್ನ ಕಾಗದ ಜೋಡಸೂದಷ್ಟ" ಅಂದ. ನನಗೂ ಓದಿದಾಗ ಹಂಗ ಅನಸ್ತು. ಆದ್ರ ತಂಗಿ ಫೋನ್ ಮಾಡಿ, "ಅಕ್ಕಾ, ಈ ವರ್ಷದ ರೊಕ್ಕ ಕಟ್ ಆಗೈತೆಲ್ಲೋ?" ಅಂತ ಕೇಳಿದಾಗ ನನ್ನ ಕಡೆ ಉತ್ತರ ಇರಲಿಲ್ಲ. ಮತ್ತ ಎರಡು ಸಲ ಓದಿದೆ, ಆಗೂ ಇರಲಿಲ್ಲ.

ಆವತ್ತಿನಿಂದ ನನ್ನ ಅಭಿಪ್ರಾಯ ಒಂದಾಗೇತಿ ನೋಡ್ರಿ. ಬಂದ ಉತ್ತರಾನ ಅದರ ಪಾಡಿಗೆ ಅದನ್ನ ಓದಬಾರದು. ಓದಿದ್ರ ಅದು ತುಂಬಿದಂಗ ಕಾಣ್ತದ, ಯಾಕಂದ್ರ ಬರದವರು ತಾವು ಹೇಳಬೇಕಂದಿದ್ದನ್ನ ಪೂರ್ತಿ ಹೇಳಿರ್ತಾರ. ಬಿಟ್ಟಿದ್ದು ಕಾಣಬೇಕಂದ್ರ ನಾವು ಕಳಿಸಿದ ಮೇಲ್ ಮೊದಲ ತಗೀಬೇಕು.

ನಾ ಏನು ಮಾಡಿದೆ ಹೇಳ್ತೀನಿ. ಒಂದು ವಹಿ ತಗೊಂಡು ನಮ್ಮ ಮೇಲಿನ್ಯಾಗಿನ ಪ್ರಶ್ನೆ ಒಂದೊಂದು ಸಾಲಿಗೆ ಒಂದೊಂದರಂಗ ಬರದೆ. ಮೇಲಿನ್ಯಾಗ ಪ್ರಶ್ನೆ ಚಿಹ್ನೆ ಇದ್ದಿದ್ದು ಐದು. ಬರಕೋತ ಹೋದ್ರ ಪ್ರಶ್ನೆ ಆದದ್ದು ಒಂಬತ್ತು! "ವಿಮೆ ಇತ್ತೇನು, ಮತ್ತ ಈ ವರ್ಷದ 436 ಯಾವಾಗ ಕಟ್ ಆಗೇತಿ?" ಇದು ಎರಡು. "ನಾಮಿನಿ ಯಾರದಾರ, ನನ್ನ ಹೆಸರಿಲ್ಲಂದ್ರ ಏನ್ ಮಾಡಬೇಕು?" ಇದೂ ಎರಡು. "ಯಾವ ಕಾಗದ ಬೇಕು, ಸಿಂದಗಿಯೊಳಗ ಕೊಡಬೇಕೋ ಇಂಡಿಯೊಳಗ ಕೊಡಬೇಕೋ?" ಮತ್ತ ಎರಡು. 20 ರೂಪಾಯಿ ವಿಮೆ ಇದಕ್ಕ ಬರ್ತದೇನು ಅನ್ನೂದು ಒಂದು, ಖಾತೆದಾಗಿಂದ ಅವರ ಹೆಸರು ತಗಸೂದು ಹೆಂಗ ಅನ್ನೂದು ಒಂದು. ಕಡೀಕ "ಒಂದು ವರ್ಷದ ಸ್ಟೇಟ್‌ಮೆಂಟ್ ಕಳಸ್ರಿ" ಅಂತಿತ್ತು. ಅದಕ್ಕ ಪ್ರಶ್ನೆ ಚಿಹ್ನೆ ಇರಲಿಲ್ಲ, ಆದ್ರ ಅದೂ ಕೇಳಿದ್ದ ಅಲ್ಲೇನು?

ಆಮ್ಯಾಲ ಉತ್ತರ ನೋಡೂಕಿಂತ ಮೊದಲ, ಒಂದೊಂದು ಪ್ರಶ್ನೆ ಮುಂದ ಅದಕ್ಕ ಎಂಥಾ ಉತ್ತರ ಬರಬೇಕು ಅಂತ ಬರದೆ. ಕಟ್ ಆಗಿದ್ದಕ್ಕ ತಾರೀಖು ಬರಬೇಕು. ನಾಮಿನಿಗೆ ಒಂದು ಹೆಸರು. ವಿಮೆ ಇತ್ತೇನು ಅಂದಿದ್ದಕ್ಕ ಹೌದು ಇಲ್ಲಾ ಇಲ್ಲ. ಇದು ಭಾಳ ಮುಖ್ಯ ಐತ್ರಿ. ಯಾಕಂದ್ರ ಉತ್ತರ ಮುಂದಿಟ್ಟುಕೊಂಡು ಕುಂತ್ರ, ಆ ವಿಷಯದ ಮಾತು ಕಂಡ ಕೂಡಲೇ "ಹಾಂ, ಹೇಳ್ಯಾರ" ಅಂತ ಮನಸ್ಸು ಟಿಕ್ ಹಾಕಿಬಿಡ್ತದ.

ಈಗ ಉತ್ತರ ತಗದೆ. ಒಂದೊಂದು ಪ್ರಶ್ನೆ ಹಿಡಕೊಂಡು ಮೊದಲಿಂದ ಕಡೀತನಕ ಹುಡುಕಿ, ಸಿಕ್ಕ ಮಾತು ಅವರು ಬರದಂಗ ಮುಂದ ಬರದೆ. ಐದಕ್ಕ ಸರಿ ಉತ್ತರ ಸಿಕ್ತು. ವಿಮೆ ಇತ್ತು. ಅಪಘಾತದ್ದು ಬರಂಗಿಲ್ಲ. ಕಾಗದದ ಪಟ್ಟಿ ಇತ್ತು. ಇಂಡಿ ಶಾಖೆಗೆ ಕೊಡ್ರಿ ಅಂದಿದ್ರು. ಹೆಸರು ತಗಸೂದೂ ಹೇಳಿದ್ರು.

ಉಳಿದ ನಾಕು ನೋಡ್ರಿ, ಒಂದೊಂದು ಒಂದೊಂದು ತರಾ. ಯಾವ ತಾರೀಖಿಗೆ ಕಟ್ ಆಗೇತಿ ಅಂದ್ರ, "ಖಾತೆದಾಗ ರೊಕ್ಕ ಇದ್ರ ಪ್ರತಿ ವರ್ಷ ಮೇ 31 ರೊಳಗ ಕಟ್ ಆಗ್ತದ" ಅಂತಿತ್ತು. ನಾವು ಕೇಳಿದ್ದು ನಮ್ಮ ಖಾತೆದು, ಅವರು ಹೇಳಿದ್ದು ಎಲ್ಲಾರ ನಿಯಮ. ಇಂಥಾ ಉತ್ತರಾನ ಭಾಳ ಮೋಸ ಮಾಡ್ತದ, ಯಾಕಂದ್ರ ಅದು ಸುಳ್ಳಲ್ಲ. ನಾಮಿನಿ ಯಾರು ಅಂದಿದ್ದಕ್ಕ "ನಾಮಿನಿಯವರು ಗುರುತಿನ ಚೀಟಿ ತರಬೇಕು" ಅಂತಿತ್ತು. ಓದಿದಾಗ ತಂಗಿನ ನಾಮಿನಿ ಅಂತ ನಾವ ಹೆಸರು ಕೂಡಿಸಿಕೊಂಡಿದ್ವಿ, ಅವರು ಹೆಸರ ಹೇಳಿರಲಿಲ್ಲ. ತನ್ನ ಹೆಸರಿಲ್ಲಂದ್ರ ಏನ್ ಮಾಡಬೇಕು ಅನ್ನೂದಕ್ಕ ಮಾತ ಇರಲಿಲ್ಲ.

ಸ್ಟೇಟ್‌ಮೆಂಟೂ ಬಂದಿಲ್ಲ ಅಂತ ಬರದಿದ್ದೆ. ಮಗ ಮೇಲ್ ಕಡೀತನಕ ಸರಿಸಿದ್ರ ಕೆಳಗ ಪಿಡಿಎಫ್ ಅಂಟಿಸಿದ್ರು! ಅದಕ್ಕ ಬಂದಿಲ್ಲ ಅನ್ನೂಕಿಂತ ಮೊದಲ ಕೆಳಗಿನ ಫೈಲ್ ತಗದು ನೋಡಬೇಕು. ಮೂರು ಚುಕ್ಕಿ ಒತ್ತಿದ್ರ ನಮ್ಮ ಹಳೇ ಮೇಲ್ ಬಿಚ್ಚಿಕೊಳ್ತದ, ಒಬ್ಬೊಬ್ಬರು ಅದರ ನಡುವ ಉತ್ತರ ಬರದಿರ್ತಾರ, ಅದನ್ನೂ ನೋಡಬೇಕು. ಆದ್ರ ನಮ್ಮ ಪಿಡಿಎಫ್ ಮಾರ್ಚ್ 31 ಕ್ಕ ನಿಂತಿತ್ತು. ಮೇ ತಿಂಗಳು ಅದರಾಗ ಇರಲೇ ಇಲ್ಲ. ಅರ್ಧ ಉತ್ತರ.

ಆ ತಾರೀಖಿಗೆ ಯಾಕ ಅಷ್ಟು ಜೀವ ಅಂದ್ರ, ಈ ವಿಮೆ ಜೂನ್ 1 ರಿಂದ ಮುಂದಿನ ಮೇ 31 ರತನಕ. ರೊಕ್ಕ ಕಟ್ ಆಗದ ವಿಮೆ ತಪ್ಪಿ, ಜೂನಿನ್ಯಾಗ ಹೊಸದಾಗಿ ಸೇರಿದ್ರ ಮೊದಲಿನ 30 ದಿನ ಅಪಘಾತ ಬಿಟ್ಟು ಬೇರೆ ಸಾವಿಗೆ ಪರಿಹಾರ ಇಲ್ಲ. ನಮ್ಮವರು ಹೋಗಿದ್ದು ಜೂನಿನ್ಯಾಗ. 2 ಲಕ್ಷ ಆ ಒಂದು ತಾರೀಖಿನ ಮ್ಯಾಲ ನಿಂತಿತ್ತು.

"ಉತ್ತರ ಕೊಟ್ಟಾರಲ್ಲ, ಮತ್ತ ಮತ್ತ ಕೇಳಿದ್ರ ಸಾಹೇಬ್ರು ಬ್ಯಾಸರ ಮಾಡ್ಕೋತಾರ" ಅಂದ್ರು ನಮ್ಮ ಮನಿಯವರು. ಹಳೇ ಮೇಲ್ ಅದ ತಿರುಗಿ ಕಳಿಸಿದ್ರ ಖರೇನ ಬ್ಯಾಸರ ಮಾಡ್ಕೋತಿದ್ರು, ಅದ ಉತ್ತರ ಕಳಸ್ತಿದ್ರು. ನಾವು ನಾಕ ಸಾಲು ಬರದ್ವಿ, ನಂಬರ್ ಹಾಕಿ. ಮೊದಲನೇದು ಹಿಂಗಿತ್ತು: "ಮೇ 31 ರೊಳಗ ಕಟ್ ಆಗ್ತದ ಅಂತ ತಿಳಿಸೀರಿ. ನಮ್ಮ ಖಾತೆಯಿಂದ ಈ ವರ್ಷ ಕಟ್ ಆದ ತಾರೀಖು ತಿಳಸ್ರಿ. ಆಗಿರಲಿಲ್ಲಂದ್ರ ಆಗಿಲ್ಲ ಅಂತ ಬರೀರಿ." ಸ್ಟೇಟ್‌ಮೆಂಟಿಗೆ ಏಪ್ರಿಲ್ 1 ರಿಂದ ಜೂನ್ 30 ಅಂತ ತಾರೀಖ ಹಾಕಿದ್ವಿ.

ಮೂರನೇ ದಿನಕ್ಕ ಬಂತ್ರಿ. ಮೇ 27 ಕ್ಕ ಕಟ್ ಆಗಿತ್ತು. ನಾಮಿನಿ ತಂಗಿ ಅಲ್ಲ, ಆಕಿ ಅತ್ತಿ. ಲಗ್ನಕ್ಕಿಂತ ಮೊದಲ ಖಾತೆದಾಗ ಬರಸಿದ ಹೆಸರ ವಿಮೆಗೂ ಹೋಗಿತ್ತು. ಅತ್ತಿ ದೊಡ್ಡ ಮಗನ ಮನಿಯೊಳಗ ಬಸವನ ಬಾಗೇವಾಡಿಯಲ್ಲದಾರ. ಕ್ಲೇಮ್ ಅರ್ಜಿಗೆ ಸಹಿ ಅವರದ ಬೇಕಂತ, ರೊಕ್ಕನೂ ಅವರ ಖಾತೆಕ್ಕ ಬರ್ತದಂತ. ಮೊದಲಿನ ಉತ್ತರ ನಂಬಿ ತಂಗಿ ತನ್ನ ಆಧಾರ್, ತನ್ನ ಪಾಸ್‌ಬುಕ್ ಹಿಡಕೊಂಡು ಇಂಡಿಗೆ ಹೋಗಿದ್ರ, ಬಾಗಿಲಿಂದ ಹೊಳ್ಳಿ ಬರ್ತಿದ್ಲು. ಈಗ ಬಾಗೇವಾಡಿಗೆ ಹೋಗಿ ಅತ್ತಿ ಮುಂದ ಕುಂತು ಮಾತಾಡಿ, ಇಬ್ಬರೂ ಕೂಡಿ ಹೋದ್ರು.

ಒಂದು ಮಾತು. "ಇದನ್ನ ಮೇಲಿನ್ಯಾಗ ಹೇಳಾಕ ಬರಂಗಿಲ್ಲ, ಶಾಖೆಗೆ ಬರ್ರಿ" ಅಂದ್ರ ಅದು ಬಿಟ್ಟ ಪ್ರಶ್ನೆ ಅಲ್ಲ, ಅದೂ ಉತ್ತರ. ಎದ್ದು ಹೋಗಬೇಕಷ್ಟ. ಮತ್ತ ಬ್ಯಾಂಕಿನವರು ಮುಚ್ಚಿಟ್ರು ಅಂತ ನಾ ಅನ್ನಂಗಿಲ್ಲ. ಜೋಳದಾಗ ಹಳ್ಳು ಕೂಡಿಸಿ ಕೊಟ್ಟವರು ನಾವು. ಒಂಬತ್ತು ಪ್ರಶ್ನೆ ಐದು ಸಾಲಿನ್ಯಾಗ ತುರುಕಿದ್ರ, ಓದೋರು ಐದಕ್ಕ ಹೇಳಿ ಕೈ ತೊಳಕೊಂಡ್ರು. ಈಗ ನಮ್ಮ ಮನಿಯಿಂದ ಹೋಗೋ ಮೇಲಿನ್ಯಾಗ ಒಂದು ಸಾಲಿಗೆ ಒಂದ ಪ್ರಶ್ನೆ. ಆ ವಹಿ ಇನ್ನೂ ಟೀವಿ ಕೆಳಗ ಐತಿ. ಉತ್ತರ ಬಂದ್ರ ಮಗ ಫೋನ್ ತಗೀತಾನ, ನಾ ವಹಿ ತಗೀತೀನಿ.