ಕನ್ನಡಕದಿಂದ ದೂರದರ್ಶಕಕ್ಕೆ ಮುನ್ನೂರು ವರ್ಷ ಏಕೆ ಬೇಕಾಯಿತು?

ವಿಜಯನಗರದ ವ್ಯಾಸರಾಯರು ಕನ್ನಡಕದ ನೆರವಿನಿಂದ ಗ್ರಂಥ ಓದಿದರೆಂಬ ಉಲ್ಲೇಖ ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ದಲ್ಲಿದೆ. ಕವಿ ಅದನ್ನು ‘ಉಪಲೋಚನಗೋಲಕ’ ಎಂದು ಕರೆದಿದ್ದಾನೆ. ಅಂದರೆ 16ನೇ ಶತಮಾನದ ಹೊತ್ತಿಗೆ ನಮ್ಮ ನಾಡಿನಲ್ಲೂ ಕನ್ನಡಕ ಇತ್ತು. ಆದರೆ ದೂರದರ್ಶಕ ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ.

ಕನ್ನಡಕ ಕಂಡುಹಿಡಿದವರು ಇಬ್ನ್ ಅಲ್-ಹೈಥಮ್ ಎಂದು ನಮ್ಮ ಭಾಷಣಗಳಲ್ಲಿ ಹೇಳುವುದುಂಟು. ಇದು ಸರಿಯಲ್ಲ. 11ನೇ ಶತಮಾನದ ಆರಂಭದಲ್ಲಿ ಅವರು ‘ಕಿತಾಬ್ ಅಲ್-ಮನಾಝಿರ್’ ಬರೆದು, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುವುದರಿಂದ ನಾವು ನೋಡುತ್ತೇವೆ ಎಂದು ಪ್ರಯೋಗಗಳ ಆಧಾರದಿಂದ ವಾದಿಸಿದರು. ಅದರ ಲ್ಯಾಟಿನ್ ಅನುವಾದವನ್ನು ಯುರೋಪಿನ ವಿದ್ವಾಂಸರು ಓದಿದರು. ಆದರೆ ಕನ್ನಡಕ ಮಾಡಿದವರು ಇಟಲಿಯ ಗಾಜಿನ ಕುಶಲಕರ್ಮಿಗಳು. ಈ ಕಲೆ ಹುಟ್ಟಿ ಇಪ್ಪತ್ತು ವರ್ಷವೂ ಆಗಿಲ್ಲ ಎಂದು ಜೋರ್ಡಾನೊ ಎಂಬ ಪಾದ್ರಿ 1306ರಲ್ಲಿ ಹೇಳಿದ್ದ.

ಕನ್ನಡಕ ತಯಾರಕ ಹ್ಯಾನ್ಸ್ ಲಿಪ್ಪರ್ಶೆ ಹಾಲೆಂಡಿನಲ್ಲಿ ದೂರದರ್ಶಕಕ್ಕೆ ಹಕ್ಕುಪತ್ರ ಕೇಳಿದ್ದು 1608ರಲ್ಲಿ. ನಡುವೆ ಮುನ್ನೂರು ವರ್ಷ ಏಕೆ? ಉತ್ತರ ಮಸೂರದ ಅಂಚಿನಲ್ಲಿದೆ. ನಮ್ಮ ಪಾಪೆ ಕೆಲವೇ ಮಿಲಿಮೀಟರ್ ಅಗಲ. ಆದ್ದರಿಂದ ಓದುವಾಗ ಒಂದು ಕ್ಷಣಕ್ಕೆ ಕನ್ನಡಕದ ಸಣ್ಣ ಭಾಗ ಮಾತ್ರ ಬಳಕೆಯಾಗುತ್ತದೆ. ಹಳೆಯ ಮಸೂರಗಳ ಅಂಚು ಸರಿಯಾಗಿ ಉಜ್ಜಿರದಿದ್ದರೂ ಓದಲು ತೊಂದರೆಯಿರಲಿಲ್ಲ. ದೂರದರ್ಶಕದಲ್ಲಾದರೋ ಮುಂದಿನ ಮಸೂರದ ಎಲ್ಲ ಭಾಗದ ಬೆಳಕೂ ಸೇರಿ ಒಂದೇ ಬಿಂಬವಾಗಬೇಕು. ಅಂಚಿನ ದೋಷ ಬಿಂಬವನ್ನು ಮಸುಕಾಗಿಸುತ್ತದೆ, ಕಣ್ಣಿನ ಬಳಿಯ ಮಸೂರ ಆ ಮಸುಕನ್ನೂ ಹಿಗ್ಗಿಸಿ ತೋರಿಸುತ್ತದೆ. ಗೆಲಿಲಿಯೊ ಮುಂದಿನ ಮಸೂರಕ್ಕೆ ತೂತಿನ ರಟ್ಟು ಮುಚ್ಚಿ ಅಂಚನ್ನು ಮರೆಮಾಡಿದ್ದ. ಅದೇ ಕಾಲದಲ್ಲಿ, ಕಡಿಮೆ ಸಂಗಮದೂರದ ಮಸೂರವನ್ನು ಮುಂದಿಟ್ಟಾಗ ಸೂಕ್ಷ್ಮದರ್ಶಕವೂ ಬಂತು.

ಇದನ್ನು ನಮ್ಮ ಭೌತಶಾಸ್ತ್ರ ಪ್ರಯೋಗಾಲಯದಲ್ಲೇ ನೋಡಬಹುದು. +1 ಪವರ್‌ನ ಓದುವ ಕನ್ನಡಕದ ಮಸೂರದ ಸಂಗಮದೂರ 100 ಸೆಂ.ಮೀ. ಅದನ್ನು ಮುಂದೆ ಹಿಡಿದು, 10 ಸೆಂ.ಮೀ. ಸಂಗಮದೂರದ ಪೀನ ಮಸೂರವನ್ನು ಸುಮಾರು 110 ಸೆಂ.ಮೀ. ಹಿಂದೆ ಕಣ್ಣಿಗೆ ಹಿಡಿಯಿರಿ. ದೂರದ ಬೋರ್ಡು ಹತ್ತು ಪಟ್ಟು ದೊಡ್ಡದಾಗಿ, ತಲೆಕೆಳಗಾಗಿ ಕಾಣುತ್ತದೆ. ಈಗ ಮುಂದಿನ ಮಸೂರಕ್ಕೆ 2 ಸೆಂ.ಮೀ. ತೂತಿನ ರಟ್ಟು ಇಡಿ. ಬೆಳಕು ಕಡಿಮೆಯಾಗುತ್ತದೆ, ಅಕ್ಷರ ಸ್ಪಷ್ಟವಾಗುತ್ತದೆ. ಸೂರ್ಯನತ್ತ ಮಾತ್ರ ಎಂದೂ ತಿರುಗಿಸಬೇಡಿ, ಕಣ್ಣು ಹೋಗುತ್ತದೆ.

ದ್ವಿತೀಯ ಪಿಯುಸಿಯಲ್ಲಿ ಕಿರಣ ದೃಗ್ವಿಜ್ಞಾನದ ಸೂತ್ರ ಬಾಯಿಪಾಠವಾಗುವ ಮೊದಲು ಈ ಪ್ರಯೋಗಕ್ಕೆ ಒಂದು ಪೀರಿಯಡ್ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಇಬ್ನ್ ಅಲ್-ಹೈಥಮ್ ಮಾಡದ ಕನ್ನಡಕವನ್ನು ಅವರ ಹೆಸರಿಗೆ ಬರೆಯುವುದಕ್ಕಿಂತ, ಅವರಂತೆ ಮಾಡಿ ನೋಡಿ ಒಪ್ಪಿಕೊಳ್ಳುವುದೇ ಅವರಿಗೆ ಸಲ್ಲಿಸುವ ಗೌರವ.