ಕಾಗದ ಓದಿದ ಮ್ಯಾಲ ಕಾಯಿ ಒಡೀರಿ

ಹೊಸಾ ಗಾಡಿ ತರೋ ಹೊತ್ತಿನ್ಯಾಗ ಕಿರಿಕಿರಿ ಮಾಡಬಾರ್ದು, ಶುಭ ಅಲ್ಲ ಅಂತ ನಮ್ಮ ಹಿರಿಯಾರು ಹೇಳ್ತಾರ. ನನಗ ಅದು ಒಪ್ಪಿಗಿ ಇಲ್ಲ. ಕಿರಿಕಿರಿ ಮಾಡೂದಿದ್ರ ಅವಾಗ ಮಾಡಬೇಕು. ರೊಕ್ಕ ಪೂರಾ ಕೊಟ್ಟು, ಕೀಲಿ ತಗೊಂಡು, ಶೋರೂಮಿನ ಗೇಟ್ ದಾಟಿದ ಮ್ಯಾಲ ನೀವು ಎಷ್ಟು ಸಲ ಫೋನ್ ಮಾಡಿದ್ರೂ "ನೋಡತೇವ್ರಿ ಮೇಡಮ್" ಅನ್ನೂದಷ್ಟ ಕೇಳ್ತದ.

ನಮ್ಮ ಮಗಾ ದಿನಾ ಹಾನಗಲ್ಲಿನಿಂದ ಶಿಗ್ಗಾವಿಗೆ ಕೆಲಸಕ್ಕ ಹೋಗ್ತಾನ. ಅವಗೊಂದು ಸಣ್ಣ ಪೆಟ್ರೋಲ್ ಕಾರು ಬೇಕಾಗಿತ್ತು. 2025ರ ಸೆಪ್ಟೆಂಬರ್ 22ಕ್ಕ, ಅಂದ್ರ ನವರಾತ್ರಿ ಘಟಾ ಕೂಡ್ರಿಸೋ ದಿನಾನ, ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ ಇಳೀತಲ್ಲ, ಸೆಸ್ ಕೂಡಿ ನೂರಕ್ಕ 29 ಇದ್ದದ್ದು 18ಕ್ಕ ಬಂತಲ್ಲ, ಅವಾಗ ನಾವೂ ಹೋದ್ವಿ. ಎಲ್ಲಾರೂ ಅವಾಗ ಹೋದ್ರು. ಯಾವ ಶೋರೂಮು ಅಂತ ಕೇಳಬ್ಯಾಡ್ರಿ, ಹೆಸರು ಬರೆಯೂದಿಲ್ಲ. ನಾಲ್ಕು ಮಂದಿಗೆ ಕೇಳೀನಿ, ಎಲ್ಲಾ ಕಡೆ ಪಾಠ ಒಂದ ಐತಿ.

ಆ ಸೇಲ್ಸಿನ ಹುಡುಗ ಕೇಳಿದ ಮೊದಲನೇ ಮಾತು ಏನು ಗೊತ್ತೇನು? "ಪೂಜಾ ಯಾವತ್ತ ಇಟ್ಕೊಂಡೀರಿ ಅಮ್ಮಾರ?" ನಾವು ಅದನ್ನ ಪ್ರೀತಿ ಅಂತ ತಿಳಕೋತೇವಿ. ಅದು ಪ್ರೀತಿ ಅಲ್ರಿ. ಪಾಡ್ಯಾಕ್ಕ ಗಾಡಿ ಮನಿ ಮುಂದ ಇರಬೇಕು, ಹಿರೇಕೆರೂರಿನಿಂದ ತವರಿನವರು ಆರತಿಗೆ ಬರ್ತಾರ ಅಂತ ನೀವು ಹೇಳಿದ್ರಿ ಅಂದ್ರ, ಅವತ್ತ ಗಾಡಿ ಇಲ್ಲದ ನೀವು ಮನಿಗೆ ಹೋಗೂದಿಲ್ಲ ಅಂತ ಅವರಿಗೆ ತಿಳೀತು. ಇನ್ನ ಅವರು ಏನು ಬರದ್ರೂ ನೀವು ಸಹಿ ಹಾಕ್ತೀರಿ. ಅದಕ್ಕ ನಿಮ್ಮ ಮುಹೂರ್ತ ಸ್ವಾಮಿಗೋಳಿಗೆ ಹೇಳ್ರಿ, ಶೋರೂಮಿನವರಿಗೆ ಹೇಳಬ್ಯಾಡ್ರಿ. ನಮ್ಮ ಮನಿಯವರು ಹೇಳಿ ಬಿಟ್ರು, ಮಾತು ಅಲ್ಲೇ ಹೋತು.

ಮೊದಲ ದಸರಾಕ್ಕ ಕೊಡ್ತೇವಿ ಅಂದ್ರು. ದಸರಾ ಅಕ್ಟೋಬರ್ 2ಕ್ಕ ಬಂದು ಹೋತು. ಆಮ್ಯಾಲ ಪಾಡ್ಯಾ ಅಂದ್ರು. ನಡುವ "ಸ್ಟಾಕ್ ಒಂದ ಉಳದೈತಿ, ಇವತ್ತ ಹತ್ತು ಸಾವಿರ ಹಾಕ್ರಿ" ಅಂತ ದಿನಾ ಫೋನು. ಒಂದ ಉಳದದ್ದು ಹದಿನೈದು ದಿನಾ ಹ್ಯಾಂಗ ಒಂದ ಉಳೀತದ ಅಂತ ನಾ ಕೇಳಿದ್ದಕ್ಕ ಹುಡುಗ ನಕ್ಕ.

ವಿಮಾ ವಿಷಯ ಬಂದಾಗ "ನಮ್ಮ ಕಡೇನ ಮಾಡಸಬೇಕು, ಇಲ್ಲಂದ್ರ ಡೆಲಿವರಿ ತಡಾ ಆಗ್ತದ" ಅಂದ್ರು. ಅದು ಸುಳ್ಳು. ಹೊಸಾ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮಾ ಇರಬೇಕು, ಆ ನಿಯಮ 2018ರ ಸೆಪ್ಟೆಂಬರಿನಿಂದ ಐತಿ. ಆದ್ರ ಯಾರ ಕಡೆ ಮಾಡಸಬೇಕು ಅನ್ನೂದು ನಮ್ಮ ಇಷ್ಟ. ಸವಣೂರಿನ ತಂಗಿ ಮಗಾ ಬ್ಯಾರೆ ಕಡೆ ದರ ಕೇಳಿದಾ, ಸುಮಾರು ಒಂಬತ್ತು ಸಾವಿರ ಕಡಿಮಿ ಬಂತು. ಇಲ್ಲೊಂದು ಮಾತು ನೆನಪಿಡ್ರಿ. ಎರಡೂ ಚೀಟಿಯೊಳಗ ಐಡಿವಿ ಒಂದ ಇರಬೇಕು. ಗಾಡಿ ಕಳುವಾದ್ರ ಕಂಪನಿ ಎಷ್ಟು ಕೊಡ್ತದ ಅನ್ನೂ ಲೆಕ್ಕ ಅದು. ಐಡಿವಿ ಇಳಿಸಿ ದರ ಕಡಿಮಿ ತೋರಿಸಿದ್ರ ಅದು ಉಳಿತಾಯ ಅಲ್ಲ. ಆ ಚೀಟಿ ಮುಂದ ಇಟ್ಟ ಮ್ಯಾಲ ಶೋರೂಮಿನವರೂ ಏಳು ಸಾವಿರ ಇಳಿಸಿದ್ರು. ಮಗಾ ಅಲ್ಲೇ ಮಾಡಸಿದಾ. ಹ್ಯಾಂಡ್ಲಿಂಗ್ ಚಾರ್ಜ್ ಅಂತ ಒಂದು ಸಾಲು ಇತ್ತು, ಯಾವುದಕ್ಕ ಅಂತ ಬರದು ಕೊಡ್ರಿ ಅಂದ್ವಿ. ಬರದು ಕೊಡಲಿಲ್ಲ, ಸಾಲು ಹೊಡದ್ರು.

ಈಗ ನಾ ಹೇಳಬೇಕಂತ ಕೂತ ಮಾತು. ಅಕ್ಟೋಬರ್ 18ಕ್ಕ, ಶನಿವಾರ, ಸಹಿಗೆ ಕರದ್ರು. ಕಾಗದದ ಕಟ್ಟು ಕೊಟ್ಟು, ಬೆರಳಿಟ್ಟು "ಇಲ್ಲಿ, ಇಲ್ಲಿ, ಇಲ್ಲಿ" ಅಂದ್ರು. ನಾ ಚಷ್ಮಾ ಹಾಕ್ಕೊಂಡು ಕೂತೆ. ಪಿಯುಸಿ ಓದಿದಾಕಿಗೆ ಇದೆಲ್ಲ ಹ್ಯಾಂಗ ತಿಳೀತದ ಅಂತ ಅನ್ನಬ್ಯಾಡ್ರಿ. ಅಕ್ಕಿಯೊಳಗ ಹಳ್ಳ ಆರಿಸೋರಿಗೆ ಇದು ದೊಡ್ಡ ಕೆಲಸಲ್ಲ.

ಪ್ರತಿ ಕಾರಿಗೂ ಒಂದು ಚಾಸಿ ನಂಬರ್ ಇರ್ತದ, ಅಂಕಿ ಅಕ್ಷರ ಕೂಡಿ 17. ಗಾಡಿ ಮ್ಯಾಲ ಕೊರದಿರ್ತಾರ. ಅದ ನಂಬರು ಬಿಲ್ಲಿನ್ಯಾಗ, ವಿಮಾದಾಗ, ಆರ್‌ಟಿಓ ಅರ್ಜಿ ಫಾರ್ಮ್ 20ರಾಗ, ಕಂಪನಿ ಕೊಡೋ ಫಾರ್ಮ್ 22ರಾಗ ಹಂಗಂದ್ರ ಹಂಗ ಇರಬೇಕು. ಗಾಡಿ ಯಾವ ತಿಂಗಳು ತಯಾರಾಗೇತಿ ಅನ್ನೂದೂ ಫಾರ್ಮ್ 22ರಾಗ ಸಿಗ್ತದ. ವರ್ಷದ ಹಿಂದಿನ ಗಾಡಿ ಹೊಸಾದು ಅಂತ ಕೊಡೋರಿಗೆ ಆ ಕಾಗದ ತೋರಸೂದು ಅಂದ್ರ ಕಷ್ಟ. ಮಗಾ ಗಾಡಿ ಮ್ಯಾಲಿನ ನಂಬರಿನ ಫೋಟೋ ಹೊಡಕೊಂಡು ಬಂದಾ. ನಾ ಒಂದೊಂದ ಅಕ್ಷರ ಓದಿದೆ, ಅವಾ ನೋಡಿದಾ. ವಿಮಾ ಪಾಲಿಸಿಯೊಳಗ ಸೊನ್ನಿ ಇರಬೇಕಾದಲ್ಲಿ ಇಂಗ್ಲೀಷಿನ ಓ ಅಕ್ಷರ ಇತ್ತು. "ಎರಡೂ ಒಂದ ಕಾಣಸ್ತಾವ ಅಮ್ಮಾರ" ಅಂದಾ ಹುಡುಗ. ಕಾಣಸ್ತಾವ ಅಂತನ ಚಾಸಿ ನಂಬರಿನ್ಯಾಗ ಐ, ಓ, ಕ್ಯೂ ಈ ಮೂರು ಅಕ್ಷರ ಬಳಸೂದ ಇಲ್ಲ. ಕಾಗದದಾಗ ಆ ಮೂರರಾಗ ಒಂದು ಕಂಡ್ರ ಅದು ತಪ್ಪು, ಮತ್ತ ಯೋಚನಿ ಬ್ಯಾಡ. ನಾಳೆ ಅಪಘಾತ ಆದ್ರ, ನಮ್ಮ ಪಾಲಿಸಿ ಬ್ಯಾರೆ ಗಾಡಿದು ಅಂತ ಕೂಡ್ರಸ್ತಾರ.

ತಿದ್ದಿದ ಪಾಲಿಸಿ ಬಂದದ್ದು ಮಂಗಳವಾರ ಸಂಜಿಕೆ. ಬುಧವಾರ ಪಾಡ್ಯಾ, ಆಫೀಸಿಗೆ ಸೂಟಿ. ನಂಬರ್ ಆಗಲಿಲ್ಲ. ಅವಾಗ ಹುಡುಗ ಮೆಲ್ಲಕ "ಪೂಜಾಕ್ಕ ಗಾಡಿ ಒಯ್ಯಿರಿ, ನಂಬರ್ ಪ್ಲೇಟ್ ಆಮ್ಯಾಲ ಹಾಕ್ತೇವಿ" ಅಂದಾ. ಮನಿಯವರು ಹೂಂ ಅನ್ನಾಕ ಹತ್ತಿದ್ರು. ನಾ ಒಲ್ಲೆ ಅಂದೆ. ತಾತ್ಕಾಲಿಕ ಆಗಲಿ ಕಾಯಂ ಆಗಲಿ, ನೋಂದಣಿ ಇಲ್ಲದ ಡೀಲರು ಗಾಡಿ ಕೊಡಂಗಿಲ್ಲ, ಕೇಂದ್ರದ ಮೋಟಾರು ವಾಹನ ನಿಯಮ 42 ಅದು. ತಾತ್ಕಾಲಿಕ ನಂಬರಿನ ಅವಧಿ ಮುಗದ ಗಾಡಿ ಅಪಘಾತ ಆದಾಗ ವಿಮಾ ಕಂಪನಿ ರೊಕ್ಕ ಕೊಡಬೇಕಿಲ್ಲ ಅಂತ 2014ರಾಗ ಸುಪ್ರೀಂ ಕೋರ್ಟೂ ಹೇಳೇತಿ. ನಂಬರ ಇಲ್ಲದ ಗಾಡಿಯಾಗ ಮಗನ್ನ ಹೆದ್ದಾರಿ ಮ್ಯಾಲ ಕಳಸೂದು ನನ್ನ ಕೈಲಿ ಆಗೂದಿಲ್ಲ.

ಪಾಡ್ಯಾದ ದಿನಾ ಆರತಿ ತಾಟು ಹಂಗ ಉಳೀತು. ಹಿರೇಕೆರೂರಿನ ಅತ್ತಿ "ಹೆಂಗಸು ಅಡ್ಡ ಬಂದ್ಲು, ಅಪಶಕುನ" ಅಂತ ಅಂದ್ರು, ವೈನಿ ಮಾರಿ ತಿರುವಿದ್ಲು. ಅನ್ನಲಿ. ಅತ್ತಿಯವರಿಗೆ ನಾ ಒಂದ ಕೇಳ್ತೇನಿ: ಆರೇಳು ಲಕ್ಷದ ಬಂಗಾರ ತಗೊಂಡ್ರ ತೂಕದ ಚೀಟಿ ನೋಡದ ಬರ್ತಿದ್ರೇನು? ಗಾಡಿ 27ಕ್ಕ, ಸೋಮವಾರ ಬಂತು, ಕೆಎ-27 ಪ್ಲೇಟು ಹಾಕ್ಕೊಂಡ ಬಂತು. ಅದ ನೋಂದಣಿ ಆದ ಮ್ಯಾಲ ತಪ್ಪು ಸಿಕ್ಕಿದ್ರ ತಿದ್ದಸಾಕ ಹಾವೇರಿ ಆರ್‌ಟಿಓಗೆ ಓಡಾಡಬೇಕು. ಒಂದು ಸಲಕ್ಕ ಅರ್ಧ ದಿನಾ ಹೋಗ್ತದ.

ಮೊದಲನೇ ಸರ್ವಿಸಿಗೂ ನಾನ ಹೋದೆ. ನಮ್ಮ ಗಾಡಿಗೆ 1000 ಕಿಲೋಮೀಟರ್ ಅಥವಾ ಒಂದು ತಿಂಗಳು, ಕೂಲಿ ಪುಗಸಟ್ಟೆ. ಆದ್ರೂ ಜಾಬ್ ಕಾರ್ಡಿನ್ಯಾಗ ಎಸಿ ಕ್ಲೀನಿಂಗು, ಎಂಜಿನ್ನಿಗೆ ಅದೇನೋ ಔಷಧಿ, ಕೆಳಗ ಕೋಟಿಂಗು ಅಂತ ಮೂರು ಸಾವಿರದ ಮ್ಯಾಲ ಬರದಿದ್ರು. ಗಾಡಿ ಜೋಡಿ ಕೊಟ್ಟ ಪುಸ್ತಕದಾಗ ಸರ್ವಿಸಿನ ಪಟ್ಟಿ ಇರ್ತದ. ಅದನ್ನ ತಗದು, ಇದರಾಗ ಎಲ್ಲೈತಿ ತೋರಸ್ರಿ ಅಂದೆ. ನಮ್ಮ ಪುಸ್ತಕದಾಗ ಮೊದಲನೇ ಸರ್ವಿಸಿಗೆ ನೋಡೂದು, ಬಿಗಿ ಮಾಡೂದು ಅಷ್ಟ ಇತ್ತು, ಎಣ್ಣಿ ಬದಲಿಸೂದೂ ಇರಲಿಲ್ಲ. ಮೂರೂ ಹೊಡದು ಹಾಕಿದ್ರು. ಎಡಗಡೆ ಮುಂದಿನ ಬಾಗಲದಾಗ ಲಟಲಟ ಸಪ್ಪಳ ಬರ್ತಿತ್ತು, ಅದನ್ನ ಬರೇ ಬಾಯಾಗ ಹೇಳದ ಜಾಬ್ ಕಾರ್ಡಿನ್ಯಾಗ ಬರಸಿ, ಅದರ ಪ್ರತಿ ತಗೊಂಡು ಬಂದೆ. ಸಪ್ಪಳ ಇನ್ನೂ ಪೂರಾ ಹೋಗಿಲ್ಲ. ಎರಡನೇ ಸರ್ವಿಸಿಗೆ ಆ ಪ್ರತಿ ಜೋಡೀನ ಹೋಗ್ತೇನಿ.