ವಾಕ್ಯದ ಬಾಲದಲ್ಲಿರುವ ವಿಮೆ

ಆಭರಣದ ಅಂಗಡಿಗಳಿಗೆಂದು ಮಾರುವ ‘ಜ್ಯುವೆಲರ್ಸ್ ಬ್ಲಾಕ್’ ಪಾಲಿಸಿಯು ಕಳವಿಗೆ ಪರಿಹಾರವುಂಟೆಂದು ಮೊದಲಿಗೆ ಉದಾರವಾಗಿ ಸಾರಿ, ಅನಂತರ ಹೊರತುಗಳ ಭಾಗದಲ್ಲಿ ಒಂದು ದೀರ್ಘವಾದ ಇಂಗ್ಲಿಷ್ ವಾಕ್ಯವನ್ನಿರಿಸುತ್ತದೆ. ನೌಕರನಾಗಲಿ, ದೂತನಾಗಲಿ, ಗಿರಾಕಿಯಾಗಲಿ, ದಲ್ಲಾಳಿಯಾಗಲಿ, ದಲ್ಲಾಳಿಯ ಗಿರಾಕಿಯಾಗಲಿ ಎಸಗಿದ ಕಳವಿಗೆ ಪರಿಹಾರವಿಲ್ಲವೆಂದು ಎಣಿಸುತ್ತ ಹೋದ ಆ ವಾಕ್ಯದ ತುದಿಯಲ್ಲಿ, ‘ಮಾಲೀಕನು ಅವರ ವಶಕ್ಕೆ ಒಪ್ಪಿಸಿದ ಸೊತ್ತಿಗೆ ಸಂಬಂಧಿಸಿದಂತೆ’ ಎಂಬರ್ಥದ ಒಂದು ವಿಶೇಷಣವು ತೂಗುತ್ತಿರುತ್ತದೆ.

ಈ ವಿಶೇಷಣವು ಯಾರಿಗೆ ಅನ್ವಯಿಸುತ್ತದೆಂಬುದೇ ಸಮಸ್ತ ವ್ಯಾಜ್ಯದ ಮೂಲ. ಗಿರಾಕಿಗೂ ಅನ್ವಯಿಸುವುದಾದರೆ, ಮನೆಯಲ್ಲಿ ತೋರಿಸಿ ತರುವೆನೆಂದು ಕೊಂಡೊಯ್ದ ಸರವನ್ನು ಆತ ಮರಳಿಸದಿದ್ದಾಗ ಮಾತ್ರ ಪರಿಹಾರ ತಪ್ಪುತ್ತದೆ. ಬೆಲೆ ಕೇಳುವ ನೆಪದಲ್ಲಿ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋದವನ ಕಳವಿಗೆ ಹಣ ಬರುತ್ತದೆ. ಪಟ್ಟಿಯ ಕೊನೆಯ ಹೆಸರಿಗಷ್ಟೇ ಅನ್ವಯಿಸುವುದೆಂದರೆ, ಗಿರಾಕಿಯ ಸೋಗಿನಲ್ಲಿ ಒಳಬಂದ ಯಾವ ಕಳ್ಳನ ಕೃತ್ಯಕ್ಕೂ ಕಾಸಿಲ್ಲ. ಹಗಲುಹೊತ್ತಿನಲ್ಲಿ ಚಿನ್ನದಂಗಡಿಯ ಹೊಸ್ತಿಲು ದಾಟುವವರು ಗಿರಾಕಿಗಳಲ್ಲದೆ ಮತ್ತಾರು?

ಇದು ಹೊಸ ಜಗಳವೂ ಅಲ್ಲ. 1927ರಲ್ಲಿ ಇಂಗ್ಲೆಂಡಿನ ಪ್ರಭುಸಭೆಯು ಲೇಕ್ ವಿರುದ್ಧ ಸಿಮನ್ಸ್ ಮೊಕದ್ದಮೆಯಲ್ಲಿ ಬಹುಮಟ್ಟಿಗೆ ಇದೇ ವಾಕ್ಯವನ್ನು ಬಿಡಿಸಿ ನೋಡಿತು. ತಾನು ಸಂಭಾವಿತನೊಬ್ಬನ ಪತ್ನಿಯೆಂದು ನಂಬಿಸಿ, ಪತಿಗೆ ತೋರಿಸುವ ನೆಪದಲ್ಲಿ ಮುತ್ತಿನ ಹಾರಗಳನ್ನು ಒಯ್ದ ವಂಚಕಿಗೆ ವರ್ತಕನು ಅವುಗಳನ್ನು ನಿಜಾರ್ಥದಲ್ಲಿ ‘ಒಪ್ಪಿಸಿದ್ದಿಲ್ಲ’ವೆಂದು ನಿರ್ಣಯಿಸಿ, ವಿಮಾದಾರರೇ ಹಣ ತೆರಬೇಕೆಂದಿತು. ಅದಾಗಿ 80 ವರ್ಷಗಳಿಗೆ, 2007ರಲ್ಲಿ, ನಮ್ಮ ಸರ್ವೋಚ್ಚ ನ್ಯಾಯಾಲಯವು ಈಶರ್ ದಾಸ್ ಮದನ್ ಲಾಲ್ ಪ್ರಕರಣದಲ್ಲಿ ಅದೇ ಪದಸರಣಿಯನ್ನು ಮತ್ತೆ ಓದಬೇಕಾಯಿತು. ಗಿರಾಕಿಯೆಂಬ ಮಾತ್ರಕ್ಕೆ ಹೊರತು ಅನ್ವಯಿಸದು, ಸೊತ್ತನ್ನು ಒಪ್ಪಿಸಿರಬೇಕು. ಹೊರತಿನೊಳಗೆ ನಷ್ಟವು ಬೀಳುತ್ತದೆಂದು ರುಜುವಾತುಪಡಿಸುವ ಹೊಣೆ ವಿಮಾ ಸಂಸ್ಥೆಯದೇ. ಸಂದಿಗ್ಧವಿದ್ದಲ್ಲಿ ವಿಮೆ ಮಾಡಿಸಿದವನ ಪರವಾಗಿ ಅರ್ಥೈಸಬೇಕು ಎಂಬುದು ಅದರ ತೀರ್ಪು.

ನ್ಯಾಯ ದೊರೆಯಿತಲ್ಲವೇ ಎನ್ನುವವರುಂಟು. ಆದರೆ ಸಂದಿಗ್ಧದ ಈ ನಿಯಮ ಎಲ್ಲರನ್ನೂ ಕಾಯದು. ಕಳ್ಳತನದ ಪಾಲಿಸಿಯೊಂದರಲ್ಲಿ ‘ಬಲಪ್ರಯೋಗ ಮತ್ತು ಹಿಂಸೆಯಿಂದ’ ಪ್ರವೇಶಿಸಿರಬೇಕೆಂದಿದ್ದ ಕಾರಣ, 2004ರಲ್ಲಿ ಹರಚಂದ್ ರಾಯ್ ಪ್ರಕರಣದ ವರ್ತಕನು ಸೋತನು. ಜನಸಾಮಾನ್ಯರಿಗೆ ತಿಳಿಯುವಂತೆ ಪಾಲಿಸಿಗಳನ್ನು ತಿದ್ದಬೇಕೆಂದು ನ್ಯಾಯಾಲಯವೇ ಅಂದು ಆಶಿಸಿತ್ತು. 2016ರಲ್ಲಿ ಒಡಿಶಾದ ಸಂಸ್ಥೆಯೊಂದು ಅದೇ ಬಗೆಯ ಷರತ್ತಿನ ಮುಂದೆ ಮತ್ತೆ ಸೋತಿತು. ಅಷ್ಟು ವರ್ಷ ಯಾರೂ ಲೇಖನಿ ಎತ್ತಿರಲಿಲ್ಲ!

ಗೆದ್ದ ಮೊಕದ್ದಮೆಯ ವಾಕ್ಯವನ್ನಾಗಲಿ ಸೋತದ್ದರ ವಾಕ್ಯವನ್ನಾಗಲಿ ತಿದ್ದದೆ ಉಳಿಸಿಕೊಳ್ಳುವುದನ್ನು ಅಜಾಗರೂಕತೆಯೆಂದು ನಾನು ಕರೆಯಲಾರೆ; ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗುವ ವರ್ತಕರು ವಿರಳವೆಂಬುದನ್ನು ಬಲ್ಲವರ ಲೆಕ್ಕಾಚಾರವದು. ವಿಮಾ ನಿಯಂತ್ರಣ ಪ್ರಾಧಿಕಾರವು ಈ ಷರತ್ತನ್ನು ಎರಡು ಬಿಡಿ ವಾಕ್ಯಗಳಾಗಿ ಒಡೆಯಿಸಬೇಕು: ನೌಕರನಿಗೆ ಒಂದು, ಗಿರಾಕಿಗೆ ಒಂದು, ‘ಒಪ್ಪಿಸಿದ’ ಎಂಬ ಮಾತು ಎರಡರಲ್ಲಿಯೂ ಪ್ರತ್ಯೇಕವಾಗಿ. ಅಲ್ಲಿಯವರೆಗೆ ವರ್ತಕರು ಪ್ರೀಮಿಯಂ ಕಟ್ಟುವ ಮೊದಲೇ, ಅಂಗಡಿಯೊಳಗೆ ಗಿರಾಕಿ ಕದ್ದರೆ ಹಣ ಬರುವುದೋ ಇಲ್ಲವೋ ಎಂದು ಸಂಸ್ಥೆಯನ್ನು ಪತ್ರಮುಖೇನ ಕೇಳಿ, ಬಂದ ಉತ್ತರವನ್ನು ಪಾಲಿಸಿಯೊಂದಿಗೇ ಇರಿಸಿಕೊಳ್ಳಲಿ.